ನಾಳೆಯೇ ಬರುತ್ತೇನೆ ಅಂತ ಬರೆದಿದ್ದಳು

ನಮ್ಮ ಕಡೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಎಲ್ಲರೂ ತಾವಾಗಿಯೇ ಬಿಡುತ್ತಾರೆ. ತಿಪಟೂರಿನ ಯಾವ ಬೀದಿಗೆ ಬೇಕಾದರೂ ಹೋಗಿ ಕೇಳಿ, ಅಂಗಡಿಯಿಂದ ಆಚೆ ಕಳಿಸಿದವನು ‘ಬುಟ್ಬುಟ್ಟೆ ಕಣಪ್ಪ, ಸರಿಹೋಗ್ಲಿಲ್ಲ’ ಅನ್ನುತ್ತಾನೆ. ಕೇಳಿದವರೂ ತಲೆಯಾಡಿಸುತ್ತಾರೆ, ಒಳಗೊಳಗೆ ಎಲ್ಲ ಗೊತ್ತಿದ್ದರೂ. ನನ್ನ ಯಜಮಾನರಿಗೆ ಎಣ್ಣೆ ಮಿಲ್ಲಿನವರು ನಾಳೆಯಿಂದ ಬರಬೇಡಿ ಎಂದಾಗ, ಸೊಂಟ ನೋವು, ಅದಕ್ಕೆ ಬಿಟ್ಟರು ಎಂದು ಬೀದಿಗೆಲ್ಲ ಹೇಳಿದವಳು ನಾನೇ. ಅವರ ಸೊಂಟಕ್ಕೆ ಅಂದೂ ಏನೂ ಆಗಿರಲಿಲ್ಲ, ಇಂದೂ ಇಲ್ಲ. ಇದನ್ನು ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ನೆಂಟರು ಬಂದಾಗ ಹರಿದ ಚಾಪೆಯ ಮೇಲೆ ಒಳ್ಳೆಯ ಜಮಖಾನ ಹಾಸುತ್ತೇವಲ್ಲ, ಅಷ್ಟೇ ಅಂದುಕೊಂಡಿದ್ದೆ.

ನಾನು ಕೆಲಸ ಮಾಡುವುದು ಕಾಯಿ ಪುಡಿ ಮಾಡುವ ಫ್ಯಾಕ್ಟರಿಯಲ್ಲಿ. ಕರಟ ಬಿಡಿಸಿದ ಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆಯುವ ಹೆಂಗಸರ ಮೇಲೆ ನಾನು ಸೂಪರ್‌ವೈಸರ್. ಹದಿನೆಂಟು ವರ್ಷ ಆಯಿತು. ನನ್ನ ಬಾಯಿ ಜೋರು ಎಂದು ಹೆಸರಾಗಿದೆ, ನಾನೇನೂ ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಹುಡುಗಿಯರನ್ನು ನಾನು ಬೈಯಬಹುದು, ಬೇರೆಯವರು ಬೈದರೆ ಸುಮ್ಮನಿರುವವಳಲ್ಲ. ಮಾಲೀಕರಿಗೂ ಇದು ಗೊತ್ತು.

ನಾಳೆಯೇ ಬರುತ್ತೇನೆ ಅಂತ ಬರೆದವಳು ನನ್ನ ವಿಭಾಗದವಳಲ್ಲ, ಲ್ಯಾಬಿನವಳು. ಬಿಎಸ್ಸಿ ಓದಿದವಳು. ಒಣಗಿಸಿದ ಪುಡಿಯನ್ನು ಒಂದು ಚಿಕ್ಕ ತಟ್ಟೆಯಲ್ಲಿಟ್ಟು ಯಂತ್ರದೊಳಗೆ ಇಡುತ್ತಿದ್ದಳು. ಅದು ಕಾಯಿಸಿ, ಎಷ್ಟು ತೇವ ಉಳಿದಿದೆ ಎಂದು ತೋರಿಸುತ್ತಿತ್ತು. ನೂರಕ್ಕೆ ಮೂರಕ್ಕಿಂತ ಜಾಸ್ತಿ ಬಂದರೆ ಆ ಪುಡಿ ಮತ್ತೆ ಡ್ರೈಯರಿಗೆ ಹೋಗಬೇಕು. ಮೂರು ಪಾಯಿಂಟ್ ಒಂದು ಬಂದರೆ ನಮ್ಮ ಶಿಫ್ಟಿನವರು ‘ಮೂರು ಅಂತ ಬರ್ಕೊಳ್ಳವ್ವ, ಲಾರಿ ನಿಂತದೆ’ ಎಂದು ಗೋಗರೆಯುತ್ತಿದ್ದರು. ಅವಳು ನಗುತ್ತಲೇ ಮೂರು ಪಾಯಿಂಟ್ ಒಂದು ಎಂದೇ ಬರೆಯುತ್ತಿದ್ದಳು. ಮೊದಮೊದಲು ನನಗೂ ರೇಗುತ್ತಿತ್ತು. ಇಷ್ಟೆಲ್ಲ ನಿಯತ್ತು ತೋರಿಸಿ ಯಾವ ಪಲ್ಲಕ್ಕಿ ಹತ್ತಬೇಕು ಇವಳು ಅನ್ನಿಸುತ್ತಿತ್ತು. ಆಮೇಲೆ ಹೇಗೋ ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕ ಕೂರಲು ಶುರು ಮಾಡಿದಳು. ನನ್ನ ಡಬ್ಬಿಯ ಹುರುಳಿಕಾಳಿನ ಸಾರು ಅವಳಿಗೆ, ಅವಳ ಚಟ್ನಿಪುಡಿ ನನಗೆ. ಒಡಹುಟ್ಟಿದ ತಂಗಿಯ ಹತ್ತಿರವೂ ನಾನು ಅಷ್ಟು ಮಾತಾಡಿದವಳಲ್ಲ.

ಅವಳ ಊರು ಹಂದನಕೆರೆ ಕಡೆ. ಗಂಡ ಬಿಟ್ಟು ಹೋಗಿದ್ದ. ಇದ್ದೊಬ್ಬ ಮಗಳನ್ನು ಕರೆದುಕೊಂಡು ಎರಡು ವರ್ಷ ಅಣ್ಣನ ಮನೆಯಲ್ಲಿದ್ದು, ಆಮೇಲೆ ಈ ಕೆಲಸ ಹಿಡಿದು ತಿಪಟೂರಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಮಾಡಿದ್ದಳು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ಅವಳು ಒಂದು ಲೋಟ ಕಾಫಿ ಕಾಯಿಸಿಕೊಳ್ಳಬೇಕಾದರೂ ಅತ್ತಿಗೆಯ ಮುಖ ನೋಡಬೇಕಿತ್ತಂತೆ. ‘ಇಲ್ಲಿ ಒಲೆ ನಂದು ಅಕ್ಕ’ ಎಂದು ಒಮ್ಮೆ ಹೇಳಿದ್ದಳು. ಮನೆ ಸಣ್ಣದಾಯಿತಲ್ಲವೇ ಎಂದು ನಾನು ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು.

ಆ ವರ್ಷ ಕಾಯಿಯ ಬೆಲೆ ಮೇಲೇರಿತು. ಊರಿಗೆ ಊರೇ ಹಿಗ್ಗಿತ್ತು. ತೋಟದವರು ಮುಖ ಅರಳಿಸಿಕೊಂಡು ಓಡಾಡುತ್ತಿದ್ದರು, ಎಷ್ಟೋ ಜನ ಕಾಯಿ ಬಲಿಯುವುದಕ್ಕೂ ಬಿಡದೆ ಎಳನೀರಿಗೇ ಕೊಟ್ಟುಬಿಡುತ್ತಿದ್ದರು. ನಮ್ಮಂಥ ಫ್ಯಾಕ್ಟರಿಗೆ ಮಾತ್ರ ಕಾಯಿ ಇಲ್ಲ. ಶೆಟ್ಟಿಕೆರೆ, ತುರುವೇಕೆರೆ ಕಡೆಯಿಂದ ದಿನವೂ ಬರುತ್ತಿದ್ದ ಲಾರಿಗಳು ವಾರಕ್ಕೆ ಎರಡಾದವು. ಏಪ್ರಿಲ್ ಕೊನೆಯಲ್ಲಿ ಪುಡಿ ಮಾಡುವ ಯಂತ್ರಗಳ ಎರಡನೇ ಲೈನ್ ನಿಲ್ಲಿಸಿದರು. ಹನ್ನೊಂದು ಜನರನ್ನು ಆಫೀಸಿಗೆ ಕರೆದು ಒಂದು ತಿಂಗಳ ಸಂಬಳ, ರಿಲೀವಿಂಗ್ ಲೆಟರ್ ಕೊಟ್ಟು ಕಳಿಸಿದರು. ಎರಡು ಲೈನಿಗೆ ಇಬ್ಬರಿದ್ದ ಲ್ಯಾಬಿನಲ್ಲಿ ಒಬ್ಬರು ಸಾಕಾಯಿತು. ಅವಳು ಹೊಸಬಳು, ಅವಳು ಹೋದಳು.

ಅದೇ ಸಂಜೆ ಮಾಲೀಕರು ನಮ್ಮಂಥ ಸೂಪರ್‌ವೈಸರುಗಳನ್ನು ಕೂರಿಸಿಕೊಂಡು, ಲೈನ್ ನಿಂತಿದೆ ಎಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಬೇಡಿ, ಪುಡಿ ಕೊಳ್ಳುವವರು ಹೆದರಿ ಬೇರೆ ಕಡೆ ಹೋಗುತ್ತಾರೆ ಎಂದರು. ಅದಕ್ಕೇ ಏನೋ ಆ ರಿಲೀವಿಂಗ್ ಲೆಟರಿನಲ್ಲಿಯೂ ಇಂಥ ದಿನದಿಂದ ಕೆಲಸದಿಂದ ಬಿಡುಗಡೆ ಮಾಡಲಾಗಿದೆ ಎಂದಿತ್ತೇ ಹೊರತು ಯಾಕೆ ಅನ್ನುವುದಿರಲಿಲ್ಲ.

ಅವಳ ಅಣ್ಣ ಬಂದು ಹೋದ. ಶಾಲೆ ಶುರುವಾಗುವವರೆಗೆ ನೋಡು, ಸಿಗದಿದ್ದರೆ ಮಗುವಿನ ಟಿ.ಸಿ. ತೆಗೆದುಕೊಂಡು ಊರಿಗೆ ಬಂದುಬಿಡು, ಅಲ್ಲೇ ಸೇರಿಸೋಣ ಅಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳಿಗೆ ಸಿಕ್ಕಿದ್ದು ಒಂದು ತಿಂಗಳು. ಆ ತಿಂಗಳೊಳಗೆ ಕೆಲಸ ಸಿಕ್ಕರೆ ಅವಳ ಒಲೆ ಅವಳದು, ಇಲ್ಲದಿದ್ದರೆ ಅತ್ತಿಗೆಯ ಅಡುಗೆಮನೆ.

ಪಕ್ಕದ ತಾಲೂಕಿನ ದಾರಿಯಲ್ಲಿ ಇನ್ನೊಂದು ಪುಡಿ ಫ್ಯಾಕ್ಟರಿ ಇದೆ. ಅವರಿಗೆ ತಮ್ಮದೇ ತೋಟಗಳಿದ್ದವು, ಕಾಯಿಗೆ ತೊಂದರೆ ಇರಲಿಲ್ಲ. ಅಲ್ಲಿ ಲ್ಯಾಬಿನವನೊಬ್ಬ ಹಠಾತ್ತನೆ ಬಿಟ್ಟು ಹೋಗಿದ್ದಾನೆಂದು ಗೊತ್ತಾಗಿ ಅವಳು ಅರ್ಜಿ ಕೊಟ್ಟಳು. ಬಯೋಡಾಟಾದ ಕೆಳಗೆ ವಿಚಾರಿಸುವುದಕ್ಕೆಂದು ನನ್ನ ನಂಬರು ಹಾಕಿದಳು. ನನ್ನನ್ನು ಕೇಳಿಯೇ ಹಾಕಿದ್ದು. ನಾನು ಹೂಂ ಅಂದಿದ್ದು ಮಾತ್ರವಲ್ಲ, ಫೋನ್ ಬರಲಿ, ನಿನ್ನ ಬಗ್ಗೆ ಹೇಗೆ ಹೇಳುತ್ತೇನೆ ನೋಡು ಎಂದು ಕೊಚ್ಚಿಕೊಂಡಿದ್ದೆ.

ಸಂದರ್ಶನಕ್ಕೆ ಹೋಗಿ ಬಂದವಳ ಮುಖ ಸಪ್ಪಗಿತ್ತು. ಯಂತ್ರದ ಬಗ್ಗೆ, ಪರೀಕ್ಷೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಕೊಟ್ಟಿದ್ದಳಂತೆ. ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದಾಗ ಮಾತ್ರ ನಾಲಿಗೆ ತೊದಲಿ, ಮನೆ ಕಡೆ ಸ್ವಲ್ಪ ತೊಂದರೆ ಎಂದುಬಿಟ್ಟಳಂತೆ. ಅಲ್ಲಿನ ಮ್ಯಾನೇಜರು ತಿಳಿಸುತ್ತೇವೆ ಎಂದು ಕಳಿಸಿದ್ದರು. ಹತ್ತು ದಿನವಾದರೂ ಸುದ್ದಿಯಿಲ್ಲ. ಒಂದು ಸಂಜೆ ಫೋನ್ ಮಾಡಿ, ‘ಸುಮ್ನೆ ಕೂತ್ರೆ ಆಗಲ್ಲ ಅಕ್ಕ, ಅವ್ರಿಗೊಂದು ಮೆಸೇಜ್ ಹಾಕಿವ್ನಿ’ ಅಂದಳು. ಏನಂತ ಹಾಕಿದೆ ಎಂದು ನಾನು ಕೇಳಲಿಲ್ಲ. ಒಲೆಯ ಮೇಲೆ ಹಾಲಿತ್ತು. ನಮಸ್ಕಾರ, ನೆನಪಿರಲಿ ಎಂದು ಹಾಕಿರುತ್ತಾಳೆ ಅಂದುಕೊಂಡು ಒಳ್ಳೆಯದು ಮಾಡಿದೆ ಅಂದೆ.

ಅವಳು ಹಾಕಿದ್ದೇನು ಎನ್ನುವುದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಆದರೂ ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮ್ಯಾನೇಜರು ನನಗೆ ಫೋನ್ ಮಾಡಿದಾಗ ಇದು ಅವರ ಕಣ್ಣ ಮುಂದಿತ್ತು. ನನ್ನ ಮುಂದೆ ಇರಲಿಲ್ಲ.

‘ನಮಸ್ಕಾರ ಸರ್. ಕಳೆದ ವಾರ ಲ್ಯಾಬ್ ಕೆಲಸದ ಸಂದರ್ಶನಕ್ಕೆ ಬಂದಿದ್ದೆ. ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು. ಹಳೆಯ ಕೆಲಸ ಯಾಕೆ ಬಿಟ್ಟಿರಿ ಎಂದು ನೀವು ಕೇಳಿದಾಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ನಾನು ಬಿಟ್ಟಿದ್ದಲ್ಲ. ಕಾಯಿ ಸಿಗದೆ ಒಂದು ಲೈನ್ ನಿಲ್ಲಿಸಿದಾಗ ಹನ್ನೊಂದು ಜನರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬಳು. ನನ್ನ ಕೆಲಸದ ಬಗ್ಗೆ ದೂರು ಇರಲಿಲ್ಲ. ರಿಲೀವಿಂಗ್ ಲೆಟರ್ ಇದರ ಜೊತೆ ಕಳಿಸಿದ್ದೇನೆ. ಈಗ ನಾನು ಎಲ್ಲೂ ಕೆಲಸದಲ್ಲಿಲ್ಲ, ಆದ್ದರಿಂದ ನೋಟಿಸ್ ಕೊಡುವ ಪ್ರಶ್ನೆ ಇಲ್ಲ. ತಿಪಟೂರಿನಲ್ಲೇ ಇದ್ದೇನೆ. ನೀವು ಹೇಳಿದ ಮರುದಿನವೇ ಬಂದು ಸೇರುತ್ತೇನೆ. ನಾಳೆ ಅಂದರೆ ನಾಳೆಯೇ ಬರುತ್ತೇನೆ. ಬೇರೆ ಯಾವುದಾದರೂ ಕಾಗದ ಬೇಕಿದ್ದರೆ ದಯವಿಟ್ಟು ತಿಳಿಸಿ.’

ಇಷ್ಟೇ. ಗೋಳಿಲ್ಲ, ಗಂಡನ ಕಥೆಯಿಲ್ಲ, ಮಗುವಿನ ಹೆಸರು ಹೇಳಿ ಕರುಣೆ ಕೇಳಿದ್ದಿಲ್ಲ. ಯಂತ್ರ ತೋರಿಸಿದ ತೇವವನ್ನು ಬರೆದ ಹಾಗೆ ಬರೆದಿದ್ದಳು.

ಇದಾದ ಮೂರನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನಗೆ ಫೋನ್ ಬಂತು. ನಾನು ಆಗ ಸಿಪ್ಪೆ ಹೆರೆಯುವವರ ನಡುವೆ ನಿಂತಿದ್ದೆ. ಗಂಡಸಿನ ದನಿ, ಗೌರವದ ಮಾತು. ಇಂಥ ಫ್ಯಾಕ್ಟರಿಯ ಮ್ಯಾನೇಜರು, ಇಂಥವರ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು ಅಂದರು. ನಾನು ಆಚೆಗೆ ಬಂದು, ತೊಳೆಯುವ ತೊಟ್ಟಿಯ ಪಕ್ಕ ನೆರಳಿನಲ್ಲಿ ನಿಂತುಕೊಂಡೆ.

ವಿಚಾರಿಸಬೇಕಿತ್ತು ಅನ್ನುವ ಆ ಮಾತು ನನಗೆ ಹೊಸದಲ್ಲ. ಹೆಣ್ಣಿನ ಬಗ್ಗೆ ಕೇಳುವವರು ನಮ್ಮ ಮನೆಗೆ ಎಷ್ಟು ಸಲ ಫೋನ್ ಮಾಡಿಲ್ಲ. ನಮ್ಮ ಬೀದಿಯ ಯಾವ ಹುಡುಗಿಗೆ ಸಂಬಂಧ ಬಂದರೂ ಗಂಡಿನ ಕಡೆಯವರು ನನ್ನನ್ನೇ ಕೇಳುವುದು, ನಾನು ಹತ್ತು ಜನರನ್ನು ಬಲ್ಲವಳು ಅಂತ. ಹಾಗೆ ಕೇಳಿದಾಗ ಏನು ಹೇಳಬೇಕು ಅನ್ನುವುದು ನನಗೆ ಬಾಯಿಪಾಠ. ಹುಡುಗಿ ಅಪ್ಪಟ ಚಿನ್ನ. ಮುಂಚೆ ಒಂದು ಸಂಬಂಧ ಮುರಿದಿದ್ದರೆ, ಅವರು ಬೇಡ ಅಂದರು ಅನ್ನಬಾರದು, ನಾವೇ ಒಪ್ಪಲಿಲ್ಲ ಅನ್ನಬೇಕು. ಮದುವೆ ಯಾವಾಗ ಮಾಡಿಕೊಡುತ್ತೀರಿ ಅಂದರೆ ನಾಳೆಯೇ ಅನ್ನಬಾರದು. ಅವಸರ ತೋರಿಸಿದರೆ ಹುಡುಗಿಯಲ್ಲಿ ಏನೋ ಕುಂದಿದೆ ಅಂದುಕೊಳ್ಳುತ್ತಾರೆ. ಇನ್ನೂ ಎರಡು ಕಡೆ ಕೇಳುತ್ತಿದ್ದಾರೆ, ನೋಡೋಣ ಅನ್ನಬೇಕು. ಹೀಗೆ ಹೇಳಿ ನಾನು ನಾಲ್ಕಾರು ಹುಡುಗಿಯರ ಬಾಳು ನೆಟ್ಟಗೆ ಮಾಡಿದ್ದೇನೆ ಅನ್ನುವ ಜಂಬವೂ ನನಗಿತ್ತು.

ಅವರು ಮೊದಲು ಅವಳ ಕೆಲಸ ಹೇಗೆ ಎಂದು ಕೇಳಿದರು. ನಾನು ಹೊಗಳಿದೆ. ಅಲ್ಲಿ ನಾನು ಹೇಳಿದ್ದೆಲ್ಲ ನಿಜ. ಆಮೇಲೆ ಕೇಳಿದರು, ‘ಮತ್ಯಾಕೆ ಮೇಡಂ ಅವರು ನಿಮ್ಮಲ್ಲಿ ಕೆಲ್ಸ ಬಿಟ್ರು?’

ನಾನು ಒಂದು ಚಣವೂ ಯೋಚಿಸಲಿಲ್ಲ. ‘ಅವ್ಳನ್ನ ಯಾರೂ ತೆಗೀಲಿಲ್ಲ ಸಾರ್, ಅವ್ಳೇ ಬಿಟ್ಟಿದ್ದು. ನಮ್ಮ ಮಾಲೀಕರು ಇರಮ್ಮಾ ಇರಮ್ಮಾ ಅಂತ ಎಷ್ಟು ಹೇಳಿದ್ರು ಗೊತ್ತಾ’ ಅಂದೆ.

ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಹಲೋ ಅಂದೆ. ಅವರು ಇದ್ದರು. ಸರಿ, ತಗೊಂಡರೆ ಯಾವಾಗ ಬರಬಹುದು, ನಮಗೆ ತುರ್ತಾಗಿ ಬೇಕಾಗಿತ್ತು ಅಂದರು.

‘ಅಷ್ಟು ಅವಸ್ರ ಏನಿಲ್ಲ ಬುಡಿ ಸಾರ್ ಅವ್ಳಿಗೆ. ಬೇರೆ ಕಡೆಯವ್ರೂ ಕೇಳ್ತಾವ್ರೆ. ನೀವು ಒಂದ್ ತಿಂಗಳಾದ್ರೂ ಟೈಮ್ ಕೊಡ್ಬೇಕಾಯ್ತದೆ.’

ಸರಿ ಮೇಡಂ, ತುಂಬಾ ಥ್ಯಾಂಕ್ಸ್ ಎಂದು ಅವರು ಫೋನ್ ಇಟ್ಟರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದೆ. ಆ ದಿನ ಮಧ್ಯಾಹ್ನ ನನ್ನ ಹುಡುಗಿಯರಿಗೆಲ್ಲ, ಹೇಗೆ ಹೇಳಿದೆ ಗೊತ್ತಾ, ಅವಳನ್ನು ಕಣ್ಣಿಗೊತ್ತಿಕೊಂಡು ಕರೆದುಕೊಳ್ಳಬೇಕು ಹಾಗೆ ಹೇಳಿದೆ ಎಂದು ಹೇಳಿಕೊಂಡೆ. ಅವಳಿಗೂ ಫೋನ್ ಮಾಡಿ, ಅವರು ವಿಚಾರಿಸಿದರು, ಚೆನ್ನಾಗಿ ಹೇಳಿದ್ದೇನೆ, ಇನ್ನು ನೀನು ಯೋಚನೆ ಬಿಡು ಅಂದೆ. ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು. ಮರುದಿನವೇ ಹೋಗಬೇಕಾಗಬಹುದು ಎಂದು ಲ್ಯಾಬಿನ ಬಿಳಿ ಕೋಟು ಒಗೆದು ಹಾಕಿದ್ದೇನೆ ಅಂದಳು.

ಆಮೇಲೆ ಸುದ್ದಿಯಿಲ್ಲ. ಅವಳು ನನಗೆ ಫೋನ್ ಮಾಡುವುದೂ ಕಡಿಮೆಯಾಯಿತು. ನಾನು ಮಾಡಿದರೆ ನೋಡೋಣ ಅಕ್ಕ ಎಂದಷ್ಟೇ ಅನ್ನುತ್ತಿದ್ದಳು. ವಾರದ ಮೇಲೆ ಕಾಯಿ ತರುವ ಲಾರಿಯ ಡ್ರೈವರ್ ಮಾತಿಗೆ ಮಾತು ಬಂದು, ಆ ಫ್ಯಾಕ್ಟರಿಯ ಲ್ಯಾಬಿಗೆ ಆಗಲೇ ಒಬ್ಬ ಹುಡುಗ ಬಂದಿದ್ದಾನೆ, ತುರುವೇಕೆರೆ ಕಡೆಯವನು ಅಂದ. ನಾನು ಉರಿದುಬಿದ್ದೆ. ಇಂಥ ಹುಡುಗಿಯನ್ನು ಬಿಟ್ಟು ಯಾವನನ್ನೋ ತಗೊಂಡಿದ್ದಾರಲ್ಲ, ಗಂಡಸರಿಗೇ ಕೊಡುವುದು ಅಂತ ಮೊದಲೇ ಇದ್ದರೆ ನನ್ನನ್ನು ಯಾಕೆ ಕೇಳಬೇಕಿತ್ತು, ಅವರ ಮನೆ ಹಾಳಾಗ ಎಂದು ಬಾಯಿಗೆ ಬಂದಂತೆ ಬೈದೆ. ಪಾಪ, ಡ್ರೈವರ್ ತನ್ನನ್ನೇ ಬೈದೆನೇನೋ ಎಂದು ಅರ್ಧ ಕುಡಿದ ಟೀ ಬಿಟ್ಟು ಹೋದ.

ಶಾಲೆ ಶುರುವಾಗುವುದಕ್ಕೆ ನಾಲ್ಕು ದಿನವಿದ್ದಾಗ ಅವಳು ಮಗಳ ಟಿ.ಸಿ. ತೆಗೆದುಕೊಂಡಳು. ಭಾನುವಾರ ಅಣ್ಣ ಲಗೇಜ್ ಆಟೋ ಮಾಡಿಕೊಂಡು ಬರುವವನಿದ್ದ. ಸಾಮಾನು ಕಟ್ಟುವುದಕ್ಕೆ ನಾನು ಬೆಳಿಗ್ಗೆಯೇ ಹೋದೆ. ಕಟ್ಟುವುದಕ್ಕೆ ಏನು ಮಹಾ ಇತ್ತು. ಎರಡು ಚೀಲ ಪಾತ್ರೆ, ಬಟ್ಟೆಯ ಸೂಟ್‌ಕೇಸು, ಮಗುವಿನ ಪುಸ್ತಕ, ಒಂದು ಫ್ಯಾನು, ಗ್ಯಾಸ್ ಒಲೆ. ಒಲೆಯನ್ನು ಅವಳೇ ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿದಳು. ಅಣ್ಣನ ಮನೆಯಲ್ಲಿ ಒಲೆ ಇದೆಯಲ್ಲ, ಇದನ್ನು ಯಾಕೆ ಹೊರುತ್ತೀಯ, ಯಾರಿಗಾದರೂ ಕೊಟ್ಟುಬಿಡು ಎಂದು ಬಾಯಿತುದಿಗೆ ಬಂದಿತ್ತು. ದೇವರ ದಯೆ, ಆ ಒಂದು ಮಾತನ್ನಾದರೂ ನುಂಗಿಕೊಂಡೆ.

ಪಾತ್ರೆ ಕಟ್ಟುತ್ತಾ ನಾನು ಮತ್ತೆ ಆ ಫ್ಯಾಕ್ಟರಿಯವರನ್ನು ಬೈಯಲು ಶುರು ಮಾಡಿದೆ. ಅವಳು ‘ಅವರದ್ದೇನೂ ತಪ್ಪಿಲ್ಲ ಅಕ್ಕ’ ಎಂದು ತನ್ನ ಫೋನ್ ತೆಗೆದು ಆ ಮೆಸೇಜ್ ತೋರಿಸಿದಳು. ನಾನು ಗೋಡೆಗೆ ಒರಗಿ ನಿಂತು ಓದಿದೆ. ನಾನು ಬಿಟ್ಟಿದ್ದಲ್ಲ ಅನ್ನುವ ಸಾಲನ್ನು ಎರಡು ಸಲ ಓದಿದೆ. ನಾಳೆಯೇ ಬರುತ್ತೇನೆ ಅನ್ನುವಲ್ಲಿಗೆ ಬಂದಾಗ ಅಕ್ಷರ ಕಾಣಿಸಲಿಲ್ಲ. ಕೆಳಗೆ ಕೂತುಬಿಟ್ಟೆ.

ನನ್ನ ಹತ್ತಿರ ಮಾತಾಡಿದ ದಿನವೇ ಸಂಜೆ ಮ್ಯಾನೇಜರು ಅವಳಿಗೂ ಫೋನ್ ಮಾಡಿದ್ದರಂತೆ. ನೀವು ತೆಗೆದರು ಎಂದು ಬರೆದಿದ್ದೀರಿ, ನಿಮ್ಮ ಸೂಪರ್‌ವೈಸರು ನೀವೇ ಬಿಟ್ಟಿರಿ ಅನ್ನುತ್ತಾರೆ. ನೀವು ನಾಳೆಯೇ ಬರುತ್ತೇನೆ ಅನ್ನುತ್ತೀರಿ, ಅವರು ಒಂದು ತಿಂಗಳು ಬೇಕು, ಬೇರೆ ಕಡೆಯೂ ನೋಡುತ್ತಿದ್ದಾರೆ ಅನ್ನುತ್ತಾರೆ. ಇದರಲ್ಲಿ ಯಾವುದನ್ನು ನಂಬಲಿ ಎಂದು ಕೇಳಿದ್ದರಂತೆ.

ನೀನು ಏನಂದೆ ಎಂದು ಕೇಳಿದೆ.

‘ಏನನ್ಲಿ ಅಕ್ಕ. ನೀವು ಸುಮ್ಸುಮ್ನೆ ಹಂಗೆ ಹೇಳೋರಲ್ಲ. ಲೈನ್ ನಿಂತಿರೋದು ಯಾರಿಗೂ ಹೇಳ್ಬ್ಯಾಡಿ ಅಂತ ಮಾಲೀಕರು ಹೇಳಿದ್ರಂತಲ್ಲ, ಅವರೇ ನಿಮ್ಮ ಕೈಲಿ ಹಂಗೆ ಹೇಳಿಸವ್ರೆ ಅನ್ಕಂಡೆ. ನಾನು ಅದು ಸುಳ್ಳು ಅಂದ್ರೆ, ಅದು ಮಾಲೀಕರ ಕಿವಿಗೆ ಬಿದ್ದು, ನಿಮ್ಮ ಕೆಲ್ಸಕ್ಕೇ ಕುತ್ತು ಬಂದ್ರೆ? ಅದಕ್ಕೆ ಅಕ್ಕ ಹೇಳಿದಂಗೇ ಇಟ್ಕೊಳ್ಳಿ ಸರ್ ಅಂದ್ಬುಟ್ಟೆ.’

ಅದು ಅವಳು ದೂರುವ ದನಿಯಲ್ಲಿ ಹೇಳಿದ್ದಲ್ಲ. ನನ್ನ ಕೆಲಸ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಹೇಳಿದ್ದು. ಎರಡು ವಾರ ಆ ಸಮಾಧಾನವನ್ನೇ ಹಿಡಿದುಕೊಂಡು ಅವಳು ಟಿ.ಸಿ. ತೆಗೆದುಕೊಂಡಿದ್ದಳು, ಮನೆ ಖಾಲಿ ಮಾಡಿದ್ದಳು.

ಹೌದು ಕಣವ್ವ, ಮಾಲೀಕರೇ ಹೇಳಿಸಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಅವಳೇ ನನಗೆ ಜಮಖಾನ ಹಾಸಿಕೊಟ್ಟಿದ್ದಳು, ನಾನು ಕೂತರೆ ಸಾಕಾಗಿತ್ತು. ಕೂರುವ ಆಸೆಯೂ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅವಳ ಮುಖ ನೋಡಿದೆ, ಆಗಲಿಲ್ಲ.

‘ಯಾರೂ ಹೇಳಿಸ್ಲಿಲ್ಲ ಕಣವ್ವ’ ಅಂದೆ. ‘ನಾನಾಗೇ ಹೇಳಿದ್ದು. ನಿನ್ನ ಮರ್ವಾದೆಗೆ ಅಂತ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಒಂದು ತಿಂಗಳು ಅಂದದ್ದೂ ನೀವೇನಾ ಎಂದು ಕೇಳಿದಳು. ಹೂಂ ಅಂದೆ. ಹೆಣ್ಣು ಕೇಳುವವರಿಗೆ ಹೇಳುವ ಹಾಗೆ ಹೇಳಿಬಿಟ್ಟೆ ಎಂದು ಅಳುತ್ತಾ ವಿವರಿಸಿದೆ. ನನ್ನ ಬಾಯಿಂದ ಹೊರಗೆ ಬಂದ ಮೇಲೆ ಅದು ಎಷ್ಟು ಪೆದ್ದು ಮಾತಾಗಿ ಕೇಳಿಸಿತು ಅಂದರೆ, ಅವಳು ಎದ್ದು ಎರಡು ಬಾರಿಸಿದ್ದರೆ ನನಗೆ ಹಿತವಾಗುತ್ತಿತ್ತು. ಅವಳು ಹಾಗೇನೂ ಮಾಡಲಿಲ್ಲ. ನನಗೆ ಕುಡಿಯಲು ನೀರು ಕೊಡೋಣವೆಂದು ಎದ್ದಳು. ಲೋಟಗಳನ್ನೆಲ್ಲ ಕಟ್ಟಿಯಾಗಿತ್ತು. ಚೀಲದ ಬಾಯಿ ಬಿಚ್ಚಿ ಒಂದು ಲೋಟ ತೆಗೆದು ನೀರು ಕೊಟ್ಟು, ನಾನು ಕುಡಿದ ಮೇಲೆ ಒರೆಸಿ ಮತ್ತೆ ಚೀಲದೊಳಗೆ ಇಟ್ಟಳು. ಆಮೇಲೆ ಅಣ್ಣ ಬಂದ. ಅವನೆದುರಿಗೆ ಮಾತಾಡುವಂತಿರಲಿಲ್ಲ.

ಆಟೋ ಹೊರಡುವಾಗ ಅವಳು ಬತ್ತೀನಿ ಅಕ್ಕ ಅಂದಳು. ಯಾವಾಗಲೂ ನನ್ನ ಕೈ ಹಿಡಿದು ಅನ್ನುತ್ತಿದ್ದವಳು ಆ ದಿನ ಹಿಡಿಯಲಿಲ್ಲ. ಕೈಯಲ್ಲಿ ಫ್ಯಾನ್ ಇತ್ತು, ಅದಕ್ಕೇ ಇರಬಹುದು.

ಸೋಮವಾರ ನಾನು ಆ ಮ್ಯಾನೇಜರಿಗೆ ಫೋನ್ ಮಾಡಿದೆ. ಅಂಥ ಧೈರ್ಯ ನನಗೆ ಎರಡು ವಾರ ಮುಂಚೆ ಬೇಕಾಗಿರಲೇ ಇಲ್ಲ, ಬರೀ ನಿಜ ಹೇಳಿದ್ದರೆ ಸಾಕಾಗಿತ್ತು. ನಾನು ಹೇಳಿದ್ದೆಲ್ಲ ಸುಳ್ಳು, ಅವಳು ಬರೆದದ್ದೇ ಸತ್ಯ, ಬೇಕಾದರೆ ನನ್ನ ಮೇಲೆ ಏನು ಬೇಕಾದರೂ ಮಾಡಿ, ಅವಳನ್ನು ತಗೊಳ್ಳಿ ಎಂದೆ. ಅವರು ಒಳ್ಳೆಯ ಮನುಷ್ಯ. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

‘ಅವರು ಬರೆದಿದ್ದು ಓದೇ ನಮ್ಮ ಸಾಹೇಬರು ಇವರನ್ನೇ ತಗೊಳ್ರಿ ಅಂದಿದ್ರು ಮೇಡಂ’ ಅಂದರು. ‘ಲ್ಯಾಬಿಗೆ ಹಿಂಗೆ ಇದ್ದದ್ದು ಇದ್ದಂಗೆ ಬರೆಯೋರೇ ಬೇಕು, ಅದ್ರಲ್ಲೂ ನಾಳೆನೇ ಬತ್ತೀನಿ ಅಂದವ್ರೆ ಅಂತ. ನಿಮಗೆ ಫೋನ್ ಮಾಡಿದ್ದು ಸುಮ್ನೆ ಪದ್ಧತಿಗೆ.’

ಈಗ ಬಂದಿರುವ ಹುಡುಗ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ, ಅವನನ್ನು ಬಿಡಿಸುವಂತಿಲ್ಲ ಎಂದರು. ಮುಂದೆ ಯಾವತ್ತಾದರೂ ಜಾಗ ಖಾಲಿಯಾದರೆ ನೆನಪಿಟ್ಟುಕೊಳ್ಳುತ್ತೇನೆ ಎಂದು ಅವಳ ಹೆಸರು ಬರೆದುಕೊಂಡರು. ನನಗೆ ಸಮಾಧಾನವನ್ನೂ ಹೇಳಿದರು. ಅವರು ಒಂದಿಷ್ಟು ಬೈದಿದ್ದರೆ ಆ ದಿನ ನಾನು ಊಟ ಮಾಡುತ್ತಿದ್ದೆನೇನೋ.

ಇದನ್ನು ಅವಳಿಗೆ ಹೇಳಬಾರದು ಎಂದು ತೀರ್ಮಾನ ಮಾಡಿದೆ. ಹೇಳಿ ಏನು ಉಪಯೋಗ, ಹೋದ ಕೆಲಸ ಬರುವುದಿಲ್ಲ, ಅವಳ ಹೊಟ್ಟೆ ಇನ್ನಷ್ಟು ಉರಿಯುತ್ತದೆ ಅಷ್ಟೇ ಅಂದುಕೊಂಡೆ. ಯಜಮಾನರು ‘ಅವ್ಳ ಹೊಟ್ಟೆನೋ ನಿನ್ನ ಮುಖನೋ?’ ಎಂದು ಕೇಳಿದರು. ಅವರು ಮಾತಾಡುವುದೇ ಅಪರೂಪ.

ಎರಡು ತಿಂಗಳು ಕಳೆಯಿತು. ಅವಳು ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿದ್ದಳು. ಸುತ್ತಿಟ್ಟ ಒಲೆ ಅಟ್ಟದ ಮೇಲೆ ಕೊಬ್ಬರಿಯ ಪಕ್ಕ ಇದೆ ಎಂದು ನನ್ನ ಹುಡುಗಿಯರಲ್ಲಿ ಒಬ್ಬಳು, ಆ ಊರಿಗೆ ನೆಂಟರ ಮನೆಗೆ ಹೋಗಿದ್ದವಳು, ಬಂದು ಹೇಳಿದಳು. ನಾನು ಹೋಗಿ ನೋಡಿಕೊಂಡು ಬರಬೇಕು ಎಂದು ಎಷ್ಟೋ ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹಿಂದಿರುಗಿದೆ. ಯಾವ ಮುಖ ಇಟ್ಟುಕೊಂಡು ಹೋಗಲಿ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳದೇ ಫೋನ್ ಬಂತು. ಚೆನ್ನಾಗಿದ್ದೀರಾ, ಯಜಮಾನರು ಹೇಗಿದ್ದಾರೆ ಎಂದೆಲ್ಲ ಮೊದಲಿನ ಹಾಗೆಯೇ ಕೇಳಿದಳು. ಹಾಲಿನ ಡೇರಿಯೊಂದರ ಲ್ಯಾಬಿಗೆ ಅರ್ಜಿ ಹಾಕಿ ಮಾತಾಡಿಕೊಂಡು ಬಂದಿದ್ದಾಳಂತೆ, ಆ ಕಡೆಯಿಂದ ಸುದ್ದಿಯಿಲ್ಲವಂತೆ. ಮತ್ತೆ ಒಂದು ಮೆಸೇಜ್ ಹಾಕಬೇಕು, ಒಂದು ಮಾತು ಕೇಳೋಣ ಅಂತ ಮಾಡಿದೆ ಅಂದಳು.

‘ಈ ಸಲ ಅವೆರಡು ಮಾತು ಬಿಟ್ಬುಡ್ಲಾ ಅಕ್ಕ? ಕೆಲ್ಸದಿಂದ ತೆಗೆದ್ರು ಅನ್ನೋದು, ಹೇಳಿದ ಮಾರನೇ ದಿನವೇ ಬತ್ತೀನಿ ಅನ್ನೋದು. ನೀವಂದಂಗೆ, ಹಂಗೆಲ್ಲ ಬರೆದ್ರೆ ಹಗುರ ಆಗ್ಬುಡ್ತೀವಿ ಅನ್ಸುತ್ತೆ.’

ನನ್ನ ಕೈಯಲ್ಲಿ ತುತ್ತಿತ್ತು. ನಾನು ಹಾಗೆಂದು ಅವಳಿಗೆ ಹೇಳಿರಲಿಲ್ಲ, ಆದರೆ ನಾನು ಮಾಡಿದ್ದರ ಅರ್ಥ ಅದೇ ಆಗಿತ್ತು. ಮೂರು ಪಾಯಿಂಟ್ ಒಂದನ್ನು ಮೂರು ಎಂದು ಬರೆಯದವಳು ಈಗ ನನ್ನಿಂದ ಕಲಿತದ್ದು ಇದನ್ನು. ಬಿಟ್ಟುಬಿಡು ಎಂದರೆ ಅವಳು ಬಿಟ್ಟುಬಿಡುತ್ತಾಳೆ. ಬಿಡಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ, ಆಗ ಹೇಳಬೇಕಾಗುತ್ತದೆ.

ಬಿಡಬೇಡ ಅಂದೆ. ಆ ಮ್ಯಾನೇಜರಿಗೆ ಫೋನ್ ಮಾಡಿದ್ದು, ಅವರು ಹೇಳಿದ್ದು, ಆ ಎರಡು ಮಾತು ಓದಿಯೇ ಅವಳನ್ನು ಆರಿಸಿದ್ದು, ನನ್ನನ್ನು ಕೇಳಿದ್ದು ಬರೀ ಪದ್ಧತಿಗೆ ಎನ್ನುವುದು, ಒಂದನ್ನೂ ಮುಚ್ಚಿಡದೆ ಹೇಳಿದೆ. ಹೇಳಿ ಮುಗಿಸಿದ ಮೇಲೆ ಆ ಕಡೆ ಎಲ್ಲೋ ಒಂದು ಕರು ಕೂಗುತ್ತಿತ್ತು. ಅತ್ತಿಗೆಯೋ ಯಾರೋ ಅವಳ ಹೆಸರು ಹಿಡಿದು ಕರೆದದ್ದು ಕೇಳಿಸಿತು, ಅವಳು ಓಗೊಡಲಿಲ್ಲ.

‘ಹಂಗಾದ್ರೆ ನಂಗೆ ಸಿಕ್ಕಿತ್ತಾ ಅಕ್ಕ ಆ ಕೆಲ್ಸ?’ ಅಂದಳು.

ಸಿಕ್ಕಿತ್ತು ಕಣವ್ವ, ಅಂದೆ.